ಒಂದು ಲಕ್ಷ ಆಯ್ತು, ಆದರೆ ಧನ್ಯವಾದದ ವಿಡಿಯೋದಲ್ಲಿ ಬರೀ ಅಂಕಿ ಓದೋದು ಬೇಡ ಅನ್ನಿಸ್ತಿದೆ

ತೋಟದ ಕ್ಯಾಮೆರಾ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಅಣ್ಣ ಅಡಿಕೆ ತೋಟದ ಬಗ್ಗೆ ಯೂಟ್ಯೂಬ್ ಚಾನೆಲ್ ನಡೆಸುತ್ತಾನೆ. ಮಾತು ಅವನದು, ಕ್ಯಾಮೆರಾ ಮತ್ತು ಎಡಿಟಿಂಗ್ ನನ್ನದು. ಈ ವಾರ ಸಬ್‌ಸ್ಕ್ರೈಬರ್ ಸಂಖ್ಯೆ ಒಂದು ಲಕ್ಷ ದಾಟಿತು. ನೋಡಿದವರಿಗೆ ಧನ್ಯವಾದ ಹೇಳುವ ವಿಡಿಯೋ ಮಾಡಲೇಬೇಕು ಅಂತ ಅಣ್ಣ ಹಟ ಹಿಡಿದಿದ್ದಾನೆ, ನನಗೂ ಇಷ್ಟವೇ.

ಅವನು ಬರೆದ ಕರಡು ಓದಿದೆ. ಒಟ್ಟು ಎಷ್ಟು ವ್ಯೂ, ಎಷ್ಟು ಗಂಟೆ ನೋಡಿದ್ದಾರೆ, ಯಾವ ಊರಿನವರು ಜಾಸ್ತಿ, ಯಾವ ವಿಡಿಯೋ ಮೊದಲ ಸ್ಥಾನ, ಹೀಗೇ ಹೋಗುತ್ತದೆ. ಸೊಸೈಟಿಯ ಸರ್ವಸದಸ್ಯರ ಸಭೆಯಲ್ಲಿ ವರದಿ ಓದಿದ ಹಾಗೆ ಕೇಳಿಸಿತು. ಆ ಅಂಕಿಗಳು ನಮಗೆ ದೊಡ್ಡವು ನಿಜ, ಆದರೆ ಹೊಸನಗರದಲ್ಲಿ ಕೂತು ನೋಡುವ ಒಬ್ಬ ತೋಟದವರಿಗೆ ಅದರಿಂದ ಏನು ಸಿಗುತ್ತದೆ?

ನನ್ನ ಮನಸ್ಸಿನಲ್ಲಿ ಒಂದು ವಿಷಯ ಇದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ ನಮ್ಮ ವಿಡಿಯೋ ಹನ್ನೊಂದು ನಿಮಿಷದ್ದು. ಯೂಟ್ಯೂಬ್ ಸ್ಟುಡಿಯೋದಲ್ಲಿ ಅದರ ರಿಟೆನ್ಶನ್ ಗೆರೆ, ಅಂದರೆ ಯಾವ ಜಾಗವನ್ನು ಎಷ್ಟು ಜನ ನೋಡಿದ್ದಾರೆ ಅನ್ನುವ ಗೆರೆ ನೋಡಿದರೆ ಮೊದಲಿಂದ ಇಳಿಯುತ್ತಾ ಬಂದು 6:40ರ ಹತ್ತಿರ ದಿಢೀರ್ ಏರುತ್ತದೆ. ಅಲ್ಲಿ ಅಣ್ಣ ದ್ರಾವಣದಲ್ಲಿ ಚಾಕು ಅದ್ದಿ ಎತ್ತಿ ತೋರಿಸುತ್ತಾನೆ. ಚಾಕುವಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಬರೀ ಇಪ್ಪತ್ತೈದು ಸೆಕೆಂಡಿನ ದೃಶ್ಯ. ಕೊಳೆರೋಗ ಹೇಗೆ ಹರಡುತ್ತದೆ ಅಂತ ಅವನು ಮನಸಿಟ್ಟು ವಿವರಿಸಿದ ಎರಡು ನಿಮಿಷದಲ್ಲಿ ಗೆರೆ ಕುಸಿದಿದೆ.

ನನಗೆ ಅನ್ನಿಸಿದ್ದು ಇಷ್ಟು. ಜನ ನಮ್ಮ ವಿಡಿಯೋವನ್ನು ರಾತ್ರಿ ಊಟ ಮಾಡಿ ಕೂತು ನೋಡುತ್ತಿಲ್ಲ, ಡ್ರಮ್ಮಿನ ಪಕ್ಕ ನಿಂತು ಕೆಲಸ ಮಾಡುತ್ತಾ ನೋಡುತ್ತಿದ್ದಾರೆ. ನೋಡುವವರೇ ನಮಗೆ ಕಲಿಸಿದ ಪಾಠ ಇದು. ಇದೊಂದನ್ನೇ ಇಟ್ಟುಕೊಂಡು ಧನ್ಯವಾದದ ವಿಡಿಯೋ ಮಾಡಬಹುದಾ? ಎಷ್ಟು ಉದ್ದ ಇರಬೇಕು? ಧನ್ಯವಾದ ಮೊದಲು ಬರಬೇಕಾ, ಕೊನೆಗಾ?

ಭದ್ರಾವತಿ ಹುಡುಗ

ಅಭಿನಂದನೆಗಳು ಬ್ರೋ! ಆದರೆ ವಿಡಿಯೋ ಮಾಡಲೇಬೇಡಿ. ಥ್ಯಾಂಕ್ಯೂ ವಿಡಿಯೋ ಯಾರೂ ನೋಡಲ್ಲ. ವ್ಯೂ ಬಿದ್ದರೆ ಅಲ್ಗಾರಿದಮ್ ಇಡೀ ಚಾನೆಲ್ಲನ್ನೇ ಕೆಳಗೆ ತಳ್ಳುತ್ತದೆ, ಮುಂದಿನ ನಾಲ್ಕೈದು ವಿಡಿಯೋಗೂ ಏಟು. ಒಂದು ಫೋಟೋ ಹಾಕಿ ಪೋಸ್ಟ್ ಮಾಡಿ, ಸಾಕು.

ಎಡಿಟಿಂಗ್ ಟೇಬಲ್ (ಶಿವಮೊಗ್ಗ)

ಹುಡುಗ ಹೇಳಿದ್ದರಲ್ಲಿ ಅರ್ಧ ಸರಿ. ಇಂಥ ವಿಡಿಯೋಗೆ ವ್ಯೂ ಕಡಿಮೆ ಬರುವುದು ನಿಜ. ಯೂಟ್ಯೂಬಿನಲ್ಲಿ ಹೆಚ್ಚಿನವರು ಏನೋ ಹುಡುಕಿಕೊಂಡು ಬರುತ್ತಾರೆ, ‘ಒಂದು ಲಕ್ಷ ಧನ್ಯವಾದ’ ಅಂತ ಯಾರೂ ಹುಡುಕಲ್ಲ. ಆದರೆ ಒಂದು ವಿಡಿಯೋ ಓಡದಿದ್ದರೆ ಇಡೀ ಚಾನೆಲ್ಲಿಗೆ ಶಿಕ್ಷೆ ಅನ್ನುವುದು ತಪ್ಪು. ಯಾವ ವಿಡಿಯೋ ಯಾರಿಗೆ ತೋರಿಸಬೇಕು ಅನ್ನುವುದನ್ನು ಒಂದೊಂದು ವಿಡಿಯೋಗೂ ಬೇರೆಯಾಗಿ ನೋಡುತ್ತಾರೆ. ಮುಂದಿನ ವಿಡಿಯೋ ಚೆನ್ನಾಗಿದ್ದರೆ ಅದು ತಾನೇ ಓಡುತ್ತದೆ.

ತೀರ್ಥಹಳ್ಳಿಯವರೇ, ನಿಮ್ಮ ವಿಷಯ ನನಗೆ ತುಂಬಾ ಹಿಡಿಸಿತು. ಆದರೆ ಕ್ಯಾಮೆರಾ ಎತ್ತುವ ಮೊದಲು ಒಂದು ಕೆಲಸ ಮಾಡಿ. ಒಂದು ಲಕ್ಷ ಜನರ ಮುಂದೆ ‘ನೀವು ಹೀಗೆ ನೋಡುತ್ತೀರಿ’ ಅಂತ ಹೇಳಲು ಹೊರಟಿದ್ದೀರಿ, ಅದು ನಿಜವಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ಗೆರೆ ಏರುವುದಕ್ಕೆ ಒಂದೇ ಕಾರಣ ಇರುವುದಿಲ್ಲ. ಅದೇ ಜಾಗವನ್ನು ಮತ್ತೆ ಮತ್ತೆ ನೋಡಿದರೂ ಏರುತ್ತದೆ. ಹಿಂದಿನ ಎರಡು ನಿಮಿಷದ ಮಾತನ್ನು ಹಾರಿಸಿ ನೇರ ಅಲ್ಲಿಗೆ ಬಂದಿಳಿದರೂ ಏರುತ್ತದೆ. ನಿಮ್ಮಲ್ಲಿ ರೋಗದ ವಿವರಣೆ ಕುಸಿದು ಆಮೇಲೆ ಚಾಕು ಏರಿದೆ, ಅಂದರೆ ಬೇಸರ ಬಂದು ಹಾರಿಸಿದವರೂ ಅದರಲ್ಲಿ ಸೇರಿರಬಹುದು. ಇನ್ನೊಂದು, ಯಾರೋ ವಾಟ್ಸಾಪ್ ಗುಂಪಿನಲ್ಲಿ ಆ ಸೆಕೆಂಡಿನಿಂದಲೇ ಶುರುವಾಗುವ ಲಿಂಕ್ ಹಾಕಿದ್ದರೂ ಹೀಗೇ ಕಾಣುತ್ತದೆ.

ಬೇರ್ಪಡಿಸೋಕೆ ಒಂದು ದಾರಿ ಇದೆ. ಅದೇ ವಿಡಿಯೋದ ಅನಾಲಿಟಿಕ್ಸಿನಲ್ಲಿ ದಿನಾಂಕ ಬದಲಾಯಿಸಿ. ಮೇ ಕೊನೆಯಿಂದ ಜುಲೈವರೆಗೆ ಒಂದು ಸಲ ನೋಡಿ, ನವೆಂಬರ್-ಡಿಸೆಂಬರ್ ಒಂದು ಸಲ ನೋಡಿ. ಬೇಸರಕ್ಕೆ ಹಾರಿಸುವವರು ಎಲ್ಲ ಕಾಲದಲ್ಲೂ ಹಾರಿಸುತ್ತಾರೆ. ಡ್ರಮ್ಮಿನ ಪಕ್ಕ ನಿಂತು ನೋಡುವವರು ಔಷಧಿ ಹೊಡೆಯುವ ಕಾಲದಲ್ಲಿ ಮಾತ್ರ ಇರುತ್ತಾರೆ. ಟ್ರಾಫಿಕ್ ಎಲ್ಲಿಂದ ಬಂತು ಅನ್ನುವ ಕಡೆ ವಾಟ್ಸಾಪಿನ ಪಾಲು ಎಷ್ಟು ಅಂತಲೂ ನೋಡಿ.

ಹೊಸ ಚಾನೆಲ್ (ಸೊರಬ)

ಸರ್, ಬೆಳ್ಳಿ ಬಟನ್ ಮನೆಗೆ ಬರೋಕೆ ಎಷ್ಟು ದುಡ್ಡು ಕಟ್ಟಬೇಕು? ನಂದು ಈಗ ಎಂಟು ನೂರು ಸಬ್‌ಸ್ಕ್ರೈಬರ್. ಇಲ್ಲಿರುವವರೆಲ್ಲ ಒಬ್ಬರಿಗೊಬ್ಬರು ಸಬ್‌ಸ್ಕ್ರೈಬ್ ಮಾಡಿಕೊಂಡರೆ ಎಲ್ಲರಿಗೂ ಬೇಗ ಆಗುತ್ತದಲ್ವಾ?

ಎಡಿಟಿಂಗ್ ಟೇಬಲ್ (ಶಿವಮೊಗ್ಗ)

ದುಡ್ಡು ಏನೂ ಕಟ್ಟಬೇಕಿಲ್ಲ. ಒಂದು ಲಕ್ಷ ಆದಮೇಲೆ ಯೂಟ್ಯೂಬಿನವರು ಚಾನೆಲ್ ನಿಯಮದ ಪ್ರಕಾರ ಇದೆಯಾ ಅಂತ ನೋಡುತ್ತಾರೆ, ಸರಿ ಇದ್ದರೆ ಒಂದು ಕೋಡ್ ಕೊಡುತ್ತಾರೆ, ವಿಳಾಸ ತುಂಬಿ ಕಳಿಸಬೇಕು. ದುಡ್ಡು ಕೇಳುವವರು ಸಿಕ್ಕಿದರೆ ಅದು ಮೋಸ. ಒಬ್ಬರಿಗೊಬ್ಬರು ಸಬ್‌ಸ್ಕ್ರೈಬ್ ಮಾಡಿಕೊಳ್ಳುವುದು ಅವರ ನಿಯಮಕ್ಕೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ವಿಷಯ ಬೇಡವಾದವರು ಚಂದಾದಾರರಾದರೆ ಅವರು ವಿಡಿಯೋ ತೆರೆಯುವುದೇ ಇಲ್ಲ. ಬೇರೆ ಎಳೆ ಶುರುಮಾಡಿ, ಅಲ್ಲಿ ನಿಧಾನ ಮಾತಾಡೋಣ.

ಹೊಸನಗರದ ತೋಟದವ

ನಾನು ಚಾನೆಲ್ ನಡೆಸುವವನಲ್ಲ, ನೋಡುವವನು. ನಿಮ್ಮ ಊಹೆ ನನ್ನ ಮಟ್ಟಿಗೆ ಪೂರ್ತಿ ಸರಿ ಮಾರಾಯ್ರೆ. ಹೋದ ಮಳೆಗಾಲದ ಮುಂಚೆ ಔಷಧಿ ಹೊಡೆಯುವ ಹುಡುಗರು ಬಂದು ನಿಂತಿದ್ದರು, ಮಿಶ್ರಣ ಮಾಡುವವ ಬಂದಿರಲಿಲ್ಲ. ನಾನೇ ಮಾಡಬೇಕಾಯಿತು. ನಮ್ಮ ತೋಟದ ತಗ್ಗಿನಲ್ಲಿ ನೆಟ್‌ವರ್ಕ್ ಇಲ್ಲ, ಮಗಳು ಮನೆಯಲ್ಲೇ ವಿಡಿಯೋ ಡೌನ್‌ಲೋಡ್ ಮಾಡಿ ಕೊಟ್ಟಿದ್ದಳು.

ನೀವು ತಿಳಿಯಬೇಕಾದ ವಿಷಯ ಏನೆಂದರೆ ಆಗ ನಮಗೆ ಪರದೆ ಕಾಣುವುದಿಲ್ಲ. ಬಿಸಿಲು ಇರುತ್ತದೆ, ಕೈಯಲ್ಲಿ ಸುಣ್ಣ ಇರುತ್ತದೆ, ಮೊಬೈಲು ಯಾವುದೋ ಕಲ್ಲಿನ ಮೇಲೆ ಇರುತ್ತದೆ. ಕಿವಿ ಮಾತ್ರ ಅಲ್ಲಿರುತ್ತದೆ. ಅಳತೆಯನ್ನು ಪರದೆ ಮೇಲೆ ಬರೆದು, ಬಾಯಲ್ಲಿ ‘ಇಲ್ಲಿ ತೋರಿಸಿದಷ್ಟು ಹಾಕಿ’ ಅಂದರೆ ನಮಗೆ ಉಪಯೋಗಕ್ಕೆ ಬರುವುದಿಲ್ಲ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಅರ್ಧರ್ಧ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ನಿಧಾನ ಹೊಯ್ಯುತ್ತಾ ಕೋಲಿನಿಂದ ತಿರುಗಿಸಿ ಅಂತ ಬಾಯಿಬಿಟ್ಟು ಹೇಳಬೇಕು. ಎರಡು ಸಲ ಹೇಳಿದರೂ ಬೇಸರ ಇಲ್ಲ.

ಚಾಕುವಿನ ದೃಶ್ಯ ಯಾಕೆ ಮತ್ತೆ ಮತ್ತೆ ನೋಡುತ್ತೇವೆ ಅಂದರೆ, ಅಳತೆ ಸರಿ ಇದ್ದರೂ ಸುಣ್ಣ ಹಳೆಯದಾಗಿ ಸತ್ವ ಹೋಗಿದ್ದರೆ ದ್ರಾವಣದಲ್ಲಿ ಹುಳಿ ಉಳಿಯುತ್ತದೆ, ಹೊಡೆದರೆ ಎಲೆ ಮತ್ತು ಕಾಯಿ ಸುಡುತ್ತದೆ. ಎಷ್ಟು ಕೆಂಪು ಬಂದರೆ ಕೆಂಪು ಅನ್ನಬೇಕು ಅನ್ನುವುದೇ ನಮ್ಮ ಅನುಮಾನ. ತಿಕ್ಕಿ ತೊಳೆದ ಹೊಳೆಯುವ ಕಬ್ಬಿಣದ ಚಾಕು ಬೇಕು, ತುಕ್ಕು ಹಿಡಿದದ್ದು ಅದ್ದಿದರೆ ಯಾವುದು ತುಕ್ಕು ಯಾವುದು ತಾಮ್ರ ಗೊತ್ತಾಗದು. ಸ್ಟೀಲಿನ ಚಾಕು ನಂಬಬೇಡಿ, ಅದರ ಮೇಲೆ ಸರಿಯಾಗಿ ಹತ್ತುವುದಿಲ್ಲ. ನಿಮ್ಮ ವಿಡಿಯೋದಲ್ಲಿ ಯಾವ ಚಾಕು ಅಂತ ಹೇಳಿದ್ದು ನನಗೆ ನೆನಪಿಲ್ಲ.

ತೋಟದ ಕ್ಯಾಮೆರಾ (ತೀರ್ಥಹಳ್ಳಿ)

ಎಡಿಟಿಂಗ್ ಸರ್ ಹೇಳಿದ ಹಾಗೆ ದಿನಾಂಕ ಬದಲಾಯಿಸಿ ನೋಡಿದೆ. ಜೂನ್ ಗೆರೆಯಲ್ಲಿ ಚಾಕುವಿನ ಜಾಗ ಗುಡ್ಡದ ಹಾಗೆ ನಿಂತಿದೆ, ನೂರು ಶೇಕಡಾಕ್ಕಿಂತ ಮೇಲೆ ಹೋಗಿದೆ. ಅಂದರೆ ವಿಡಿಯೋ ತೆರೆದವರಿಗಿಂತ ಆ ಜಾಗ ನೋಡಿದ ಲೆಕ್ಕ ಜಾಸ್ತಿ. ಹಾರಿಸಿ ಬಂದವರಷ್ಟೇ ಆಗಿದ್ದರೆ ನೂರು ದಾಟುತ್ತಿರಲಿಲ್ಲ ಅಲ್ವಾ? ಡಿಸೆಂಬರಿನಲ್ಲಿ ಅಲ್ಲಿ ಸಣ್ಣ ಉಬ್ಬು ಮಾತ್ರ. ವಾಟ್ಸಾಪಿನಿಂದ ಬಂದವರು ಸ್ವಲ್ಪವೇ, ಹೆಚ್ಚಿನವರು ಯೂಟ್ಯೂಬಿನಲ್ಲೇ ಹುಡುಕಿ ಬಂದವರು.

ಇನ್ನೊಂದು ಹೊಸದು ಸಿಕ್ಕಿತು. ಜೂನ್ ಗೆರೆಯಲ್ಲಿ ಎರಡನೇ ಸಣ್ಣ ಏರು ಇದೆ, ಯಾವುದನ್ನು ಯಾವುದಕ್ಕೆ ಹೊಯ್ಯಬೇಕು ಅನ್ನುವಲ್ಲಿ. ಹೊಸನಗರದ ಅಣ್ಣ, ನೀವು ಹೇಳಿದ್ದಕ್ಕೆ ಸರಿಯಾಗಿ ಕೂತಿತು. ಅಣ್ಣನಿಗೆ ನಿಮ್ಮ ಮಾತು ಓದಿ ಹೇಳಿದೆ, ಅವನು ಪುಸ್ತಕದಲ್ಲಿ ಬರೆದುಕೊಂಡ.

ಹಾಗಾದರೆ ಪಾಠ ಇದೇ ಅಂತ ಗಟ್ಟಿ ಆಯ್ತು. ಕರಡು ಹೀಗೆ ಮಾಡಿದ್ದೇನೆ, ಅಣ್ಣ ಹೇಳುವ ಮಾತಿನಲ್ಲೇ ಇದೆ:

‘ಈ ಇಪ್ಪತ್ತೈದು ಸೆಕೆಂಡು ನಮ್ಮ ಚಾನೆಲ್ಲಿನಲ್ಲಿ ನೀವು ಅತಿ ಹೆಚ್ಚು ಸಲ ನೋಡಿದ ಜಾಗ. ನಾವು ಅಂದುಕೊಂಡಿದ್ದು ಬೇರೆ. ರೋಗ ಯಾಕೆ ಬರುತ್ತದೆ ಅನ್ನುವುದನ್ನು ನೀವು ಜಾಸ್ತಿ ನೋಡುತ್ತೀರಿ ಅಂದುಕೊಂಡಿದ್ದೆವು. ಈಗ ನೀವು ಒಂದು ಲಕ್ಷ ಜನ ಆಗಿದ್ದೀರಿ, ಅದಕ್ಕೆ ಮನಸಾರೆ ಧನ್ಯವಾದ. ಅದಕ್ಕಿಂತ ದೊಡ್ಡ ಧನ್ಯವಾದ ಇದನ್ನು ಕಲಿಸಿದ್ದಕ್ಕೆ. ನೀವು ಕೆಲಸ ಮಾಡುತ್ತಾ ನಮ್ಮನ್ನು ಕೇಳುತ್ತೀರಿ. ಹಾಗಾಗಿ ಇನ್ನು ಮುಂದೆ...’

ಇದರ ಮುಂದೆ ಐದು ವಿಷಯ ಇಟ್ಟಿದ್ದೇನೆ. ಬಾಯಲ್ಲಿ ಅಳತೆ ಹೇಳುವುದು, ಬೆಳಗ್ಗೆ ಹೊತ್ತು ವಿಡಿಯೋ ಹಾಕುವುದು, ತಾಳ್ಮೆ ಬೇಕು ಅನ್ನುವುದು, ಹೊಸ ಮೈಕು, ಅಮ್ಮನ ಬೆಂಬಲ.

ಎಡಿಟಿಂಗ್ ಟೇಬಲ್ (ಶಿವಮೊಗ್ಗ)

ನೂರು ದಾಟಿದ್ದರೆ ಮತ್ತೆ ಮತ್ತೆ ನೋಡಿದವರು ಇದ್ದೇ ಇದ್ದಾರೆ, ನಿಮ್ಮ ಲೆಕ್ಕ ಸರಿ. ಇನ್ನು ಧೈರ್ಯವಾಗಿ ಹೇಳಿ.

ಮೊದಲ ಭಾಗ ಒಂದಕ್ಷರ ಮುಟ್ಟಬೇಡಿ. ಧನ್ಯವಾದ ಎಲ್ಲಿ ಬರಬೇಕು ಅಂತ ಕೇಳಿದ್ದಿರಿ, ಅದು ತಾನಾಗಿಯೇ ಸರಿಯಾದ ಜಾಗಕ್ಕೆ ಬಂದಿದೆ. ಮೊದಲು ದೃಶ್ಯ, ಆಮೇಲೆ ಸಂಖ್ಯೆ ಒಂದೇ ಒಂದು ಸಲ, ಕೂಡಲೇ ಧನ್ಯವಾದ. ಮೊದಲ ಮೂವತ್ತು ಸೆಕೆಂಡಿನಲ್ಲಿ ಮೂರೂ ಮುಗಿಯುತ್ತದೆ. ಬಹಳ ಜನ ಎದ್ದು ಹೋಗುವುದು ಆ ಮೂವತ್ತು ಸೆಕೆಂಡಿನಲ್ಲೇ, ಅದಕ್ಕೇ ಸ್ಟುಡಿಯೋ ಅದನ್ನು ಬೇರೆಯಾಗಿ ತೋರಿಸುತ್ತದೆ.

ಆದರೆ ಐದು ವಿಷಯದಲ್ಲಿ ನಾಲ್ಕು ತೆಗೆಯಿರಿ. ನಾನು ಬೇರೆಯವರ ಇಂಥ ವಿಡಿಯೋ ಎಡಿಟ್ ಮಾಡುವಾಗ ಒಂದು ಪರೀಕ್ಷೆ ಮಾಡುತ್ತೇನೆ. ಚಾನೆಲ್ ಹೆಸರು ಮುಚ್ಚಿ ವಾಕ್ಯ ಓದುತ್ತೇನೆ. ಅದೇ ವಾಕ್ಯವನ್ನು ಮೇಕಪ್ ಚಾನೆಲ್ಲಿನವರೂ ಹೇಳಬಹುದಾದರೆ ಅದು ಪಾಠ ಅಲ್ಲ. ‘ತಾಳ್ಮೆ ಬೇಕು’ ಯಾರು ಬೇಕಾದರೂ ಹೇಳಬಹುದು. ‘ಸುಣ್ಣ ಹತ್ತಿದ ಕೈಯಲ್ಲಿ ನಿಂತವರಿಗೆ ಅಳತೆ ಕಿವಿಗೆ ಕೇಳಬೇಕು’ ಅನ್ನುವುದನ್ನು ನಿಮ್ಮಣ್ಣ ಮಾತ್ರ ಹೇಳಬಲ್ಲರು. ಅಮ್ಮನ ಬಗ್ಗೆ ಹೇಳುವ ಆಸೆ ಇದ್ದರೆ ಕೊನೆಗೆ ಒಂದು ವಾಕ್ಯ ಸಾಕು, ಅದನ್ನು ಪಾಠದ ಸಾಲಿನಲ್ಲಿ ನಿಲ್ಲಿಸಬೇಡಿ.

ಉಳಿದ ಸಮಯವನ್ನು ಆ ಒಂದೇ ವಿಷಯಕ್ಕೆ ಕೊಡಿ. ಜೂನ್ ಗೆರೆ ಮತ್ತು ಡಿಸೆಂಬರ್ ಗೆರೆಯನ್ನು ಪಕ್ಕಪಕ್ಕ ತೋರಿಸಿ, ಜನ ತಮ್ಮದೇ ನಡೆ ನೋಡಿ ಆಶ್ಚರ್ಯಪಡುತ್ತಾರೆ. ಗೆರೆ ಅಂದರೇನು ಅಂತ ಪಾಠ ಮಾಡಬೇಡಿ, ‘ಮೇಲೆ ಹೋದಲ್ಲಿ ನೀವು ಮತ್ತೆ ನೋಡಿದ್ದೀರಿ’ ಅಂದರೆ ಮುಗಿಯಿತು. ಆಮೇಲೆ ಅದರಿಂದ ನಿಮ್ಮ ಕೆಲಸದಲ್ಲಿ ಏನು ಬದಲಾಗುತ್ತದೆ ಅಂತ ಮಾಡಿ ತೋರಿಸಿ. ಬದಲಾವಣೆ ಇಲ್ಲದೆ ‘ಕಲಿತೆವು’ ಅಂದರೆ ಯಾರೂ ನಂಬಲ್ಲ. ಹಳೆಯ ಬೋರ್ಡೋ ವಿಡಿಯೋಗೆ ಇವತ್ತೇ ಅಧ್ಯಾಯ ಹಾಕಿ, ಅದನ್ನೇ ಈ ವಿಡಿಯೋದಲ್ಲಿ ಕಾಣಿಸಿ. ವಿವರಣೆಯಲ್ಲಿ ಹೀಗೆ ಬರೆದರೆ ಸಾಕು:

```
0:00 ಬೇಕಾದ ಸಾಮಾನು, ಅಳತೆ
1:30 ಕೊಳೆರೋಗ ಯಾಕೆ ಬರುತ್ತದೆ
3:40 ಸುಣ್ಣ, ತುತ್ತ ಕರಗಿಸುವುದು
5:20 ಯಾವುದನ್ನು ಯಾವುದಕ್ಕೆ ಹೊಯ್ಯಬೇಕು
6:35 ಚಾಕು ಅದ್ದಿ ಪರೀಕ್ಷೆ
7:10 ಹೊಡೆಯುವ ಕ್ರಮ
```

ಸಮಯ ನಿಮ್ಮ ವಿಡಿಯೋ ನೋಡಿ ಸರಿಮಾಡಿಕೊಳ್ಳಿ. 0:00 ಇಂದಲೇ ಶುರುವಾಗಬೇಕು, ಕನಿಷ್ಠ ಮೂರು ಇರಬೇಕು, ಒಂದೊಂದೂ ಹತ್ತು ಸೆಕೆಂಡಿಗಿಂತ ಕಡಿಮೆ ಇರಬಾರದು. ಇಲ್ಲದಿದ್ದರೆ ಅಧ್ಯಾಯ ಮೂಡುವುದೇ ಇಲ್ಲ.

ಉದ್ದ ಮೂರು ನಾಲ್ಕು ನಿಮಿಷ ಸಾಕು. ಹಿನ್ನೆಲೆಗೆ ಸಿನಿಮಾ ಹಾಡು ಹಾಕಬೇಡಿ, ಹಕ್ಕಿನವರು ಕ್ಲೇಮ್ ಹಾಕಿದರೆ ಆ ವಿಡಿಯೋದ ದುಡ್ಡು ಅವರಿಗೆ ಹೋಗಬಹುದು. ತೋಟದ ಸದ್ದೇ ಇರಲಿ.

ಭದ್ರಾವತಿ ಹುಡುಗ

ಚಾನೆಲ್ಲಿಗೆ ಶಿಕ್ಷೆ ಇಲ್ಲ ಅನ್ನುವುದು ಒಪ್ಪಿದೆ. ಆದರೂ ಒಂದು ಮಾತು. ಶೀರ್ಷಿಕೆಯಲ್ಲಿ ‘ಒಂದು ಲಕ್ಷ ಧನ್ಯವಾದ’ ಅಂತ ಇಟ್ಟರೆ ಹಳಬರು ಮಾತ್ರ ಬರುತ್ತಾರೆ. ‘ಬೋರ್ಡೋದಲ್ಲಿ ನೀವು ಮತ್ತೆ ಮತ್ತೆ ನೋಡಿದ 25 ಸೆಕೆಂಡು’ ಅಂತ ಇಟ್ಟರೆ ಹೊಸಬರೂ ಬರುತ್ತಾರಲ್ಲ?

ಎಡಿಟಿಂಗ್ ಟೇಬಲ್ (ಶಿವಮೊಗ್ಗ)

ಒಳ್ಳೆಯ ಶೀರ್ಷಿಕೆ. ನಾನಾದರೆ ಇದನ್ನೇ ಇಟ್ಟು ಥಂಬ್‌ನೇಲಿನಲ್ಲಿ ಸಣ್ಣದಾಗಿ ‘1 ಲಕ್ಷ’ ಅಂತ ಬರೆಯುತ್ತೇನೆ. ಒಂದು ಎಚ್ಚರಿಕೆ. ಬೋರ್ಡೋ ಅಂತ ಶೀರ್ಷಿಕೆ ಇಟ್ಟಮೇಲೆ ಬರುವವರು ಮಿಶ್ರಣ ಕಲಿಯಲು ಬಂದಿರುತ್ತಾರೆ. ಅವರಿಗೆ ಪೂರ್ತಿ ವಿಡಿಯೋದ ದಾರಿ ತೋರಿಸಬೇಕು. ಕೊನೆಯ ಇಪ್ಪತ್ತು ಸೆಕೆಂಡಿನಲ್ಲಿ ಎಂಡ್ ಸ್ಕ್ರೀನಿಗೆ ಅದನ್ನೇ ಹಾಕಿ, ಪಿನ್ ಮಾಡಿದ ಕಾಮೆಂಟಿನಲ್ಲಿ ಅಳತೆಯನ್ನೂ ಬರೆದಿಡಿ.

ಸಾಗರದ ಅಕ್ಕ

ನಾನು ಬೇರೆ ವಿಷಯ ಹೇಳುತ್ತೇನೆ, ಸಿಟ್ಟು ಮಾಡಬೇಡಿ. ಧನ್ಯವಾದದ ವಿಡಿಯೋ ಅಂದಕೂಡಲೇ ಎಲ್ಲರೂ ನೋಡುಗರ ಕಾಮೆಂಟ್ ತೆಗೆದು ಪರದೆ ಮೇಲೆ ಹಾಕುತ್ತಾರೆ. ನೀವೂ ಹಾಕುವ ಯೋಚನೆ ಮಾಡಿರಬಹುದು. ಒಂದು ಅಡುಗೆ ಚಾನೆಲ್ಲಿನವರು ನನ್ನ ಕಾಮೆಂಟನ್ನು ನನ್ನ ಹೆಸರು, ಫೋಟೋ ಸಮೇತ ಹಾಗೆ ಹಾಕಿದ್ದರು. ಮನೆಯಲ್ಲಿ ಅತ್ತೆಗೆ ಮಾಡಿಕೊಟ್ಟ ಪಥ್ಯದ ಅಡುಗೆ ಬಗ್ಗೆ ಬರೆದಿದ್ದೆ. ಕಾಮೆಂಟಿನ ಕೆಳಗೆ ಇದ್ದಾಗ ಹತ್ತು ಜನ ಓದುತ್ತಿದ್ದರು. ವಿಡಿಯೋದಲ್ಲಿ ಬಂದಮೇಲೆ ನೆಂಟರೆಲ್ಲ ಅತ್ತೆಯ ಕಾಯಿಲೆ ವಿಚಾರಿಸಲು ಫೋನು ಮಾಡಿದರು. ಅವರಿಗೆ ತುಂಬಾ ಬೇಜಾರಾಯಿತು. ಹಾಕಿದವರು ಪ್ರೀತಿಯಿಂದಲೇ ಹಾಕಿದ್ದು, ಅದು ನನಗೂ ಗೊತ್ತು. ಕೇಳಿ ಹಾಕಿದ್ದರೆ ನಾನೇ ಆ ಒಂದು ಸಾಲು ತೆಗೆದು ಕೊಡುತ್ತಿದ್ದೆ.

ಎಡಿಟಿಂಗ್ ಟೇಬಲ್ (ಶಿವಮೊಗ್ಗ)

ಅಕ್ಕ, ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಕಾಮೆಂಟ್ ಎಲ್ಲರಿಗೂ ಕಾಣುವ ಜಾಗದಲ್ಲಿ ಬರೆದದ್ದು. ಎಲ್ಲರನ್ನೂ ಕೇಳುತ್ತಾ ಕೂತರೆ ವಿಡಿಯೋ ಮುಗಿಯುವುದಿಲ್ಲ. ಹೆಸರು, ಫೋಟೋ ಮಸುಕು ಮಾಡಿ ಹಾಕಿದರೆ ಸಾಲದಾ?

ಸಾಗರದ ಅಕ್ಕ

ಮಸುಕು ಮಾಡಿದರೂ ಮಾತು ಓದಿದರೆ ನಮ್ಮ ಕಡೆಯವರಿಗೆ ಯಾರು ಅಂತ ಗೊತ್ತಾಗುತ್ತದೆ. ಇನ್ನು ಪ್ರೀತಿಯಿಂದ ಬರೆದವರಿಗೆ ತಮ್ಮ ಹೆಸರು ಕಾಣಲಿ ಅನ್ನುವ ಆಸೆಯೂ ಇರುತ್ತದೆ, ಅಂಥವರ ಹೆಸರು ಮಸುಕು ಮಾಡಿದರೆ ಅವರಿಗೂ ಬೇಸರ. ಹತ್ತು ಜನರನ್ನು ಕೇಳೋಕೆ ಎಷ್ಟು ಹೊತ್ತು ಬೇಕು? ಉತ್ತರದಲ್ಲಿ ಒಂದು ಸಾಲು ಬರೆದರೆ ಆಯ್ತು.

ಹೊಸನಗರದ ತೋಟದವ

ನನ್ನ ಮಾತು ಬೇಕಾದರೆ ಹಾಕಿ, ಹೆಸರು ಬೇಡ. ಊರು ಹಾಕಿ.

ಇನ್ನೊಂದು ಮಾತು ಇದೆ. ಈಗ ಕೊನೆಕೊಯ್ಲು ಮುಗಿದಿದೆ, ಔಷಧಿ ಹೊಡೆಯಲು ಇನ್ನೂ ಮೂರು ತಿಂಗಳಿದೆ. ಈಗ ಈ ವಿಡಿಯೋ ಹಾಕಿದರೆ ನಾವು ‘ಚೆನ್ನಾಗಿದೆ’ ಅಂತ ನೋಡಿ ಮರೆಯುತ್ತೇವೆ. ಮೇ ಮಧ್ಯದಲ್ಲಿ ಹಾಕಿದರೆ ಕೈಗೆ ಬರುತ್ತದೆ.

ಎಡಿಟಿಂಗ್ ಟೇಬಲ್ (ಶಿವಮೊಗ್ಗ)

ಅದೂ ನಿಜ, ಆದರೆ ಒಂದು ಲಕ್ಷದ ಸಂತೋಷ ಮೂರು ತಿಂಗಳು ಕಾಯುತ್ತದಾ? ಆ ಹೊತ್ತಿಗೆ ಸಂಖ್ಯೆಯೇ ಬೇರೆ ಆಗಿರುತ್ತದೆ. ಧನ್ಯವಾದ ಈಗ ಹೇಳಿ, ಬಾಯಲ್ಲಿ ಅಳತೆ ಹೇಳುವ ಹೊಸ ಬೋರ್ಡೋ ವಿಡಿಯೋವನ್ನು ಮೇನಲ್ಲಿ ಹಾಕುತ್ತೇವೆ ಅಂತ ಮಾತು ಕೊಡಿ.

ತೋಟದ ಕ್ಯಾಮೆರಾ (ತೀರ್ಥಹಳ್ಳಿ)

ರಾತ್ರಿ ಅಣ್ಣನ ಜೊತೆ ಕೂತು ಎಲ್ಲ ಓದಿದೆವು. ನಾಲ್ಕು ವಿಷಯ ತೆಗೆದಿದ್ದೇವೆ, ಅಮ್ಮನ ಬಗ್ಗೆ ಒಂದು ವಾಕ್ಯ ಉಳಿಯಿತು. ಹಳೆಯ ವಿಡಿಯೋಗೆ ಅಧ್ಯಾಯ ಹಾಕಿದೆ, ಈಗಾಗಲೇ ಮೂಡಿದೆ. ಮೂರು ಕಾಮೆಂಟ್ ತೋರಿಸಬೇಕು ಅಂತ ಇದ್ದೆವು, ಮೂವರಿಗೂ ಕೇಳಿ ಬರೆದಿದ್ದೇನೆ. ಇಬ್ಬರು ಹೂಂ ಅಂದರು, ಒಬ್ಬರು ಇನ್ನೂ ಉತ್ತರಿಸಿಲ್ಲ. ಅವರದ್ದು ಹಾಕುವುದಿಲ್ಲ.

ಹೊಸನಗರದ ಅಣ್ಣ, ನೀವು ಹೇಳಿದ್ದು ಸರಿ, ಚಾಕು ಯಾವುದು ಅಂತ ವಿಡಿಯೋದಲ್ಲಿ ಎಲ್ಲೂ ಇಲ್ಲ. ಅದನ್ನು ಪಿನ್ ಕಾಮೆಂಟಿನಲ್ಲಿ ಈಗಲೇ ಸೇರಿಸಿದೆ.

ದಿನಾಂಕದ ಬಗ್ಗೆ ನಮ್ಮಿಬ್ಬರಲ್ಲಿ ಒಪ್ಪಿಗೆ ಆಗಿಲ್ಲ. ಮೇನಲ್ಲಿ ಹಾಕಿದರೆ ಜನಕ್ಕೆ ಉಪಯೋಗ ಅಂತ ನನ್ನ ಮಾತು. ಧನ್ಯವಾದವನ್ನು ಹೊತ್ತು ನೋಡಿ ಹೇಳುವುದು ಸರಿಯಲ್ಲ ಅಂತ ಅಣ್ಣನ ಮಾತು. ಭಾನುವಾರ ಚಿತ್ರೀಕರಣ ಅಂತೂ ಮಾಡುತ್ತೇವೆ. ನೀವು ಯಾರಾದರೂ ಕೆಲಸದ ಕಾಲ ನೋಡಿ ಇಂಥ ವಿಡಿಯೋ ತಡೆದು ಹಾಕಿದ್ದಿದ್ದರೆ ಹೇಗಾಯಿತು ಅಂತ ಬರೆಯಿರಿ.

ಸಾಗರದ ಅಕ್ಕ

ಮೂರನೆಯವರು ಉತ್ತರಿಸದಿದ್ದರೆ ಹಾಕುವುದಿಲ್ಲ ಅಂದಿರಲ್ಲ, ಅದಕ್ಕೆ ನನ್ನ ಧನ್ಯವಾದ. ದಿನಾಂಕದ ವಿಷಯಕ್ಕೆ ನನ್ನ ಓಟು ನಿಮ್ಮಣ್ಣನಿಗೆ.

ಹೊಸನಗರದ ತೋಟದವ

ನನ್ನದು ತಮ್ಮನಿಗೆ. ಮೇನಲ್ಲಿ ಹಾಕುವುದಾದರೆ ಹದಿನೈದನೇ ತಾರೀಕಿನ ಒಳಗೆ ಹಾಕಿ, ಆಮೇಲೆ ಮಳೆ ಯಾವಾಗ ಹಿಡಿಯುತ್ತದೆ ಹೇಳೋಕಾಗಲ್ಲ.